ಸ್ಕ್ಯಾನರ್ ಕೊಳ್ಳುವ ಮೊದಲು ಲೇಬಲ್ ನೋಡಿ

ಪ್ರಶ್ನೆ: ನಮ್ಮದು ಆನ್‌ಲೈನ್ ಬಟ್ಟೆ ವ್ಯಾಪಾರ. ಪ್ಯಾಕ್ ಮಾಡುವಾಗ ಬೇರೆ ಸೈಜ್ ಹೋಗಿ ವಾಪಸ್ ಬರುತ್ತಿದೆ. ಯಾವ ಬಾರ್‌ಕೋಡ್ ಸ್ಕ್ಯಾನರ್ ಕೊಂಡರೆ ಇದು ನಿಲ್ಲುತ್ತದೆ?

ಉತ್ತರ: ಸ್ಕ್ಯಾನರ್ ಕೊಂಡ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ನಾನು ದಾವಣಗೆರೆಯಲ್ಲಿ ನೈಟಿಗಳನ್ನು ಮಾರುತ್ತೇನೆ, ಇದೇ ತೊಂದರೆಗೆ ಸ್ಕ್ಯಾನರ್ ತಂದು ಮೂರು ತಿಂಗಳು ನಷ್ಟ ಅನುಭವಿಸಿದ್ದೇನೆ.

ಲೇಬಲ್‌ಗಳನ್ನು ನಾನೇ ಮುದ್ರಿಸುತ್ತಿದ್ದೆ. ನಲವತ್ತು ಡಿಸೈನ್‌ಗಳಿಗೆ ಐದೈದು ಸೈಜ್ ಎಂದರೆ ಇನ್ನೂರು ಕೋಡ್ ಆಗುತ್ತದೆ, ಅಷ್ಟೇಕೆ ಎಂದುಕೊಂಡು ಡಿಸೈನ್ ಮತ್ತು ಬಣ್ಣಕ್ಕೆ ಒಂದೇ ಕೋಡ್ ಕೊಟ್ಟು, ಸೈಜನ್ನು ಗೆರೆಗಳ ಕೆಳಗೆ ಅಕ್ಷರದಲ್ಲಿ ಮಾತ್ರ ಅಚ್ಚು ಹಾಕಿಸಿದೆ. ನನ್ನ ತಪ್ಪು ಇದೊಂದೇ. ಸ್ಕ್ಯಾನರ್ ಗೆರೆಗಳನ್ನು ಓದುತ್ತದೆಯೇ ಹೊರತು ಕೆಳಗಿನ ಅಕ್ಷರವನ್ನು ಓದುವುದಿಲ್ಲ. ಹೊಳಲ್ಕೆರೆಯಿಂದ ನೀಲಿ ನೈಟಿಗೆ ಆರ್ಡರ್ ಬಂದಿತ್ತು: ಎಲ್ ಸೈಜ್ ಎರಡು, ತಾಯಿಗೆಂದು ಎಕ್ಸ್‌ಎಲ್ ಒಂದು. ಹುಡುಗ ಮೂರೂ ಎಲ್ ಹಾಕಿದ. ಮೂರು ಬಾರಿ `NT114-BLU` ಓದಿತು, ಎಣಿಕೆ ಸರಿಹೋಯಿತು, ಪರದೆ ಹಸಿರಾಯಿತು. ಮೊದಲು ಅವನು ಸೈಜನ್ನು ಕಣ್ಣಿನಿಂದ ನೋಡುತ್ತಿದ್ದ. ಹಸಿರು ಬರತೊಡಗಿದ ಮೇಲೆ ನೋಡುವುದನ್ನೇ ಬಿಟ್ಟಿದ್ದ. ಅದು ಅವನ ತಪ್ಪಲ್ಲ, ಹಸಿರನ್ನು ನಂಬು ಎಂದು ಹೇಳಿದವನು ನಾನು. ಎರಡೂ ಕಡೆಯ ಸಾಗಣೆ ವೆಚ್ಚ ನನ್ನ ಮೇಲೆಯೇ ಬಿತ್ತು. ವಾಪಸ್ ಬಂದ ಪೊಟ್ಟಣವನ್ನು ಅದೇ ಆರ್ಡರ್ ತೆರೆದು ಮತ್ತೆ ಸ್ಕ್ಯಾನ್ ಮಾಡಿದಾಗ ಪರದೆ ಪುನಃ ಹಸಿರಾಯಿತು, ಆಗ ನನಗೆ ಅರ್ಥವಾಯಿತು. ಅಷ್ಟು ದಿನ ಒಮ್ಮೆಯೂ ಕೆಂಪು ಬಂದಿರಲಿಲ್ಲ, ವಾಪಸಾತಿಯೂ ಇಳಿದಿರಲಿಲ್ಲ. ಇವೆರಡೂ ಒಟ್ಟಿಗೆ ಕಂಡ ದಿನವೇ ನಾನು ಅನುಮಾನಿಸಬೇಕಿತ್ತು.

ತಾವು ಇಂದೇ ಒಂದು ಪರೀಕ್ಷೆ ಮಾಡಿ. ಸಾಮಾನ್ಯವಾಗಿ ಸ್ಕ್ಯಾನರ್ ಕೀಬೋರ್ಡಿನಂತೆಯೇ ಕೆಲಸ ಮಾಡುತ್ತದೆ, ಓದಿದ್ದನ್ನು ಟೈಪ್ ಮಾಡುತ್ತದೆ. ಯಾರಿಂದಾದರೂ ಒಂದನ್ನು ಎರವಲು ತಂದು, ಖಾಲಿ ನೋಟ್‌ಪ್ಯಾಡ್ ತೆರೆದು, ಒಂದೇ ಡಿಸೈನಿನ ಎರಡು ಸೈಜ್‌ಗಳನ್ನು ಸ್ಕ್ಯಾನ್ ಮಾಡಿ. ಈ ರೀತಿ ಬರಬೇಕು:

```
NT114-BLU-L
NT114-BLU-XL
```

ಎರಡೂ ಸಾಲು ಒಂದೇ ಆಗಿದ್ದರೆ ಯಾವ ಸಾಫ್ಟ್‌ವೇರ್ ಕೂಡ ಅವುಗಳನ್ನು ಬೇರ್ಪಡಿಸಲಾರದು. ಲೇಬಲ್ ಬದಲಿಸಿದ ಮೇಲೆ ಸಾಫ್ಟ್‌ವೇರ್‌ನಲ್ಲಿಯೂ ಪ್ರತಿ ಸೈಜನ್ನು ಪ್ರತ್ಯೇಕ ಐಟಂ ಆಗಿ ನಮೂದಿಸಿ. ಸೈಜ್ ಕೇವಲ ಟಿಪ್ಪಣಿಯಾಗಿ ಉಳಿದರೆ ಪ್ರಯೋಜನವಿಲ್ಲ.

ಒಂದೇ ಪೀಸನ್ನು ಮೂರು ಸಲ ಸ್ಕ್ಯಾನ್ ಮಾಡಿದರೂ ಎಣಿಕೆ ಮೂರಾಗುತ್ತದೆ. ಆದ್ದರಿಂದ ಸ್ಕ್ಯಾನ್ ಆದ ಪೀಸು ಮೇಜಿನ ಬಲಕ್ಕಿರುವ ಪೆಟ್ಟಿಗೆಗೆ ಬಿದ್ದ ಮೇಲೆಯೇ ಮುಂದಿನದನ್ನು ಕೈಗೆತ್ತಿಕೊಳ್ಳುವ ಕ್ರಮ ಇಟ್ಟಿದ್ದೇನೆ. ಇನ್ನು, ಎಕ್ಸ್‌ಎಲ್ ಬಟ್ಟೆಗೆ ಎಲ್ ಲೇಬಲ್ ಅಂಟಿದ್ದರೆ ಪ್ಯಾಕಿಂಗ್ ಮೇಜಿನಲ್ಲಿ ಅದು ಸಿಕ್ಕಿಬೀಳುವುದಿಲ್ಲ. ಅದಕ್ಕಾಗಿ ಮಾಲು ಬಂದ ದಿನ ಒಂದು ಸೈಜಿನ ಕಟ್ಟನ್ನು ಮಾತ್ರ ಬಿಚ್ಚಿ, ಅದರ ಎಣಿಕೆಯಷ್ಟೇ ಲೇಬಲ್ ಮುದ್ರಿಸಿ, ಅವು ಮುಗಿದ ಮೇಲೆ ಮುಂದಿನ ಕಟ್ಟಿಗೆ ಕೈಹಾಕುತ್ತೇವೆ. ಒಂದು ಲೇಬಲ್ ಉಳಿದರೂ ಇಡೀ ಕಟ್ಟನ್ನು ಮತ್ತೆ ನೋಡುತ್ತೇವೆ.