ನೆಕ್‌ಲೈನ್ ದಾಟಿದ ಷೇರು ಮತ್ತೆ ಬಿದ್ದದ್ದೇಕೆ?

ಪ್ರಶ್ನೆ: ನಾನು ನೋಡುತ್ತಿದ್ದ ಷೇರು 412ಕ್ಕೆ ಇಳಿದು 460ಕ್ಕೆ ಏರಿತು. ಮತ್ತೆ 408ಕ್ಕೆ ಇಳಿದು ಮೇಲೆದ್ದಿತು. ಎರಡು ತಳದ ಡಬಲ್ ಬಾಟಮ್ ಅಂತ, ನಡುವಿನ ಎತ್ತರವಾದ 460ರ ನೆಕ್‌ಲೈನ್ ಅನ್ನು ಬೆಳಿಗ್ಗೆ 11ಕ್ಕೆ ದಾಟಿದ ಕೂಡಲೇ 463ಕ್ಕೆ ಕೊಂಡೆ. ಅಷ್ಟರಲ್ಲೇ 3 ಲಕ್ಷ ಷೇರುಗಳ ವಾಲ್ಯೂಮ್ ಆಗಿತ್ತು. 468ರವರೆಗೆ ಹೋಗಿ 456ಕ್ಕೆ ಮುಗಿಯಿತು. ದಿನದ ವಾಲ್ಯೂಮ್ 6.5 ಲಕ್ಷ, 20 ದಿನದ ಸರಾಸರಿ 8 ಲಕ್ಷ. ಈಗ ಬೆಲೆ 431. ನಾನು ಎಡವಿದ್ದೆಲ್ಲಿ?
— ಓದುಗರು, ದಾವಣಗೆರೆ

ಉತ್ತರ: ಪ್ಯಾಟರ್ನ್ ಗುರುತಿಸಿದ್ದು ಸರಿಯಾಗಿಯೇ ಇದೆ. ಎಡವಿದ್ದು ವಾಲ್ಯೂಮ್ ಓದುವಾಗ. ನಮ್ಮ ಮಾರುಕಟ್ಟೆಯಲ್ಲಿ 9:15ಕ್ಕೆ ಶುರುವಾದ ಮೊದಲ ಗಂಟೆ ಮತ್ತು ಕೊನೆಯ ಗಂಟೆಯಲ್ಲಿ ವಹಿವಾಟು ಜಾಸ್ತಿ, ಮಧ್ಯಾಹ್ನ ಕಡಿಮೆ. ಹಾಗಾಗಿ 11 ಗಂಟೆಗೆ 3 ಲಕ್ಷ ಅಂದರೆ ದೊಡ್ಡದಾಗಿ ಕಾಣುತ್ತದೆ. ಆದರೆ ಅದನ್ನು ಹೋಲಿಸಬೇಕಾದದ್ದು ಹಿಂದಿನ ದಿನಗಳಲ್ಲಿ ಅದೇ 11 ಗಂಟೆಗೆ ಎಷ್ಟಾಗಿತ್ತು ಎಂಬುದರ ಜೊತೆ. 15 ನಿಮಿಷದ ಚಾರ್ಟ್ ತೆಗೆದು, ಹಿಂದಿನ ಏಳೆಂಟು ದಿನ 9:15ರಿಂದ 11ರವರೆಗಿನ ವಾಲ್ಯೂಮ್ ಕೂಡಿಸಿ ನೋಡಿ. ಆಗಲೂ 3 ಲಕ್ಷದ ಆಸುಪಾಸೇ ಇದ್ದರೆ, ನೀವು ಕೊಂಡದ್ದು ಒಂದು ಸಾಮಾನ್ಯ ದಿನದ ವಾಲ್ಯೂಮ್ ನೋಡಿ. ದಿನದ ಒಟ್ಟು ಲೆಕ್ಕ ಸರಾಸರಿಯನ್ನೂ ಮುಟ್ಟಲಿಲ್ಲ ಅಲ್ವಾ?

ವಾಲ್ಯೂಮ್ ಯಾಕೆ ಬೇಕು ಅಂದರೆ, 460ರ ಹತ್ತಿರ ಹಿಂದೆ ಕೊಂಡು 408ರವರೆಗೆ ನಷ್ಟ ನೋಡಿದವರು ಅಲ್ಲಿ ಕಾಯುತ್ತಿರುತ್ತಾರೆ. ಹಾಕಿದ ದುಡ್ಡು ವಾಪಸ್ ಬಂದರೆ ಸಾಕು ಅಂತ ಮಾರುತ್ತಾರೆ. ಅವರು ಮಾರಿದ್ದನ್ನೆಲ್ಲ ಕೊಳ್ಳಲು ಹೊಸ ದುಡ್ಡು ಬರಬೇಕು. ನಿಮ್ಮ ಷೇರಿನಲ್ಲಿ 468ರವರೆಗೆ ಏರಿಸಿದ್ದು ಬಹುಶಃ 460ರ ಮೇಲೆ ಮೊದಲೇ ಕೂತಿದ್ದ ಆರ್ಡರ್‌ಗಳು: ಶಾರ್ಟ್ ಮಾಡಿದವರ ಸ್ಟಾಪ್‌ಲಾಸ್ ಮತ್ತು ನಿಮ್ಮಂತೆ ಬ್ರೇಕ್‌ಔಟ್ ಕಾಯುತ್ತಿದ್ದವರ ಖರೀದಿ. ಅವು ಮುಗಿದ ಮೇಲೆ ಕೊಳ್ಳುವವರು ಉಳಿಯಲಿಲ್ಲ. ಆ ದಿನದ ಕ್ಯಾಂಡಲ್ ನೋಡಿ. 468ರಿಂದ 456ಕ್ಕೆ ಉದ್ದನೆಯ ಮೇಲಿನ ಬಾಲ ಇರುತ್ತದೆ. ಸುಳ್ಳು ಬ್ರೇಕ್‌ಔಟ್‌ನ ಗುರುತು ಅದೇ.

ನಾನಾಗಿದ್ದರೆ ದಿನದ ಕ್ಲೋಸ್‌ಗೆ ಕಾಯುತ್ತಿದ್ದೆ. ಕ್ಲೋಸ್ 460ಕ್ಕಿಂತ ಸುಮಾರು ಶೇ 1ರಷ್ಟು ಮೇಲಿರಬೇಕು, ಅಂದರೆ 465ರ ಹತ್ತಿರ. ವಾಲ್ಯೂಮ್ ಸರಾಸರಿಯ ಒಂದೂವರೆ ಪಟ್ಟು, ಅಂದರೆ 12 ಲಕ್ಷ ಇರಬೇಕು. ಇದು ಅನುಭವದ ಅಳತೆ, ನಿಯಮವಲ್ಲ. ಮಧ್ಯಾಹ್ನ 3 ಗಂಟೆಯ ನಂತರ ಎರಡೂ ಹೆಚ್ಚುಕಡಿಮೆ ಗೊತ್ತಾಗಿರುತ್ತವೆ. ಕಾದದ್ದಕ್ಕೆ 463ರ ಬದಲು 470 ಕೊಡಬೇಕಾಗಬಹುದು. ಆ 7 ರೂಪಾಯಿ ಕೊಡಲು ನನಗೆ ಬೇಜಾರಿಲ್ಲ.

ದೊಡ್ಡ ವಾಲ್ಯೂಮ್ ಬಂದಾಗಲೂ ಒಂದು ಸಲ ಬಗೆದು ನೋಡಬೇಕು. ಇಬ್ಬರು ದೊಡ್ಡ ಹೂಡಿಕೆದಾರರ ನಡುವೆ ಆದ ಒಂದು ದೊಡ್ಡ ಡೀಲ್ ಅಥವಾ ಸೂಚ್ಯಂಕದಲ್ಲಿ ಷೇರಿನ ಪಾಲು ಬದಲಾದ ದಿನದ ವಹಿವಾಟು ವಾಲ್ಯೂಮನ್ನು ಸುಮ್ನೆ ಉಬ್ಬಿಸುತ್ತದೆ. ಇಡೀ ದಿನದ ವಾಲ್ಯೂಮ್ ಒಂದೇ 5 ನಿಮಿಷದಲ್ಲಿ ತುಂಬಿಕೊಂಡಿದ್ದರೆ ನನಗೆ ನಂಬಿಕೆ ಬರುವುದಿಲ್ಲ. ಎನ್‌ಎಸ್‌ಇ ಸಂಜೆ ಕೊಡುವ ಡೆಲಿವರಿ ಶೇಕಡಾವಾರು ಕೂಡ ನೋಡಿ. ಅದು ಎಂದಿಗಿಂತ ಕಡಿಮೆ ಇದ್ದರೆ ಆ ಏರಿಕೆಯಲ್ಲಿ ದಿನದೊಳಗೇ ಕೊಂಡು ಮಾರುವವರ ಪಾಲೇ ಜಾಸ್ತಿ.

ನಿಮ್ಮ ಪ್ಯಾಟರ್ನ್ ಇನ್ನೂ ಸತ್ತಿಲ್ಲ. 408ರ ಕೆಳಗೆ ಕ್ಲೋಸ್ ಆದರೆ ಮಾತ್ರ ಅದನ್ನು ಕೈಬಿಡಿ. ಎರಡನೇ ತಳ ಮೊದಲನೆಯದಕ್ಕಿಂತ 4 ರೂಪಾಯಿ ಕೆಳಗೆ ಹೋಗಿದೆ. ಆ ದಿನವೇ 412ರ ಮೇಲೆ ವಾಪಸ್ ಕ್ಲೋಸ್ ಆಗಿತ್ತಾ, ವಾಲ್ಯೂಮ್ ಮೊದಲ ತಳಕ್ಕಿಂತ ಕಡಿಮೆ ಇತ್ತಾ ನೋಡಿ. ಎರಡೂ ಹೌದಾದರೆ ಅಲ್ಲಿ ಮಾರುವವರು ಖಾಲಿಯಾಗಿದ್ದಾರೆ ಅಂತ ಅರ್ಥ. ಮುಂದಿನ ಸಲ ದಾಟಬೇಕಾದ ಗೆರೆ ಮಾತ್ರ 460 ಅಲ್ಲ, 468. ಅಲ್ಲಿ ಸಿಕ್ಕಿಬಿದ್ದವರೂ ಈಗ ಮಾರಲು ಕಾಯುತ್ತಿದ್ದಾರೆ.

ಗುರಿ ಲೆಕ್ಕ ಹಾಕುವುದು ಹೀಗೆ: 460ರಿಂದ 408ಕ್ಕೆ 52 ರೂಪಾಯಿ ಎತ್ತರ. ಅದನ್ನು 460ಕ್ಕೆ ಕೂಡಿಸಿದರೆ 512. 470ಕ್ಕೆ ಕೊಂಡು ಸ್ಟಾಪ್‌ಲಾಸ್ ಅನ್ನು 408ರ ಕೆಳಗೆ ಇಟ್ಟರೆ 42 ರೂಪಾಯಿ ಆಸೆಗೆ 62ಕ್ಕಿಂತ ಜಾಸ್ತಿ ಪಣಕ್ಕಿಟ್ಟಂತೆ. 450ರ ಹತ್ತಿರ ಇಟ್ಟರೆ 20 ಮಾತ್ರ. ಅದಕ್ಕಿಂತ ಮೊದಲೇ, ಕ್ಲೋಸ್ ನೆಕ್‌ಲೈನ್ ಒಳಗೆ ಬಂದರೆ ಹೊರಬನ್ನಿ. ನಿಮ್ಮ ವಿಷಯದಲ್ಲಿ 456ಕ್ಕೆ ಮಾರಿದ್ದರೆ ಷೇರಿಗೆ 7 ರೂಪಾಯಿ ನಷ್ಟ. ಈಗ ಅದು 32.

ಡಬಲ್ ಟಾಪ್‌ನಲ್ಲಿ ಇದನ್ನೆಲ್ಲ ತಲೆಕೆಳಗು ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಏರಲು ಖರೀದಿ ಬೇಕು, ಬೀಳಲು ಖರೀದಿ ನಿಂತರೆ ಸಾಕು. ಅಲ್ಲಿ ನೆಕ್‌ಲೈನ್ ಕೆಳಗೆ ಕ್ಲೋಸ್ ಆಗಿಯೂ ವಾಲ್ಯೂಮ್ ಬರಲಿ ಅಂತ ಕಾಯುತ್ತಾ ಷೇರು ಇಟ್ಟುಕೊಂಡವರೇ ಹೆಚ್ಚು ಕಳೆದುಕೊಳ್ಳುತ್ತಾರೆ.