88 ಸೆಂಟ್ ಅಂದರೆ 12 ಸೆಂಟ್ ಲಾಭ ಅಲ್ಲ

ಪ್ರಶ್ನೆ: "ಪ್ರಿಡಿಕ್ಷನ್ ಮಾರ್ಕೆಟ್‌ನಲ್ಲಿ ಎಲೆಕ್ಷನ್ ಷೇರು 88 ಸೆಂಟ್ ಇದ್ದರೆ ಗೆಲ್ಲುವುದು ಹೆಚ್ಚುಕಮ್ಮಿ ಗ್ಯಾರಂಟಿ ಅಲ್ವಾ? ವಿರಾಜಪೇಟೆಯಿಂದ ಆಡಬಹುದಾ? ಫೀಸ್ ಎಷ್ಟು?"

ನಾನೂ 88ಕ್ಕೇ ಕೊಂಡಿದ್ದೆ. 2024ರ ಜೂನ್ 1, ಎಕ್ಸಿಟ್ ಪೋಲ್ ಬಂದ ರಾತ್ರಿ. ಹೊರದೇಶದ ಒಂದು ಪ್ರಿಡಿಕ್ಷನ್ ಮಾರ್ಕೆಟ್ ಸೈಟ್, ಅಂದರೆ ಮುಂದೆ ಏನಾಗುತ್ತದೆ ಅನ್ನುವುದರ ಮೇಲೆ ಷೇರು ಕೊಂಡು ಮಾರುವ ಜಾಗ. 'ಬಿಜೆಪಿ ಒಂದೇ 272 ದಾಟುತ್ತದೆ' ಅನ್ನುವ ಷೇರು. ದಾಟಿದರೆ ಒಂದು ಡಾಲರ್, ಇಲ್ಲದಿದ್ದರೆ ಸೊನ್ನೆ. ಗೋಣಿಕೊಪ್ಪಲಿನ ಗೆಳೆಯರೆಲ್ಲ ಟಿವಿ ಮುಂದೆ ಕೂತು 350, 370 ಅಂತಿದ್ದರು. ಅದು ಎನ್‌ಡಿಎ ಲೆಕ್ಕ, ನನ್ನ ಷೇರಿನದ್ದು ಬಿಜೆಪಿ ಲೆಕ್ಕ. ಆ ವ್ಯತ್ಯಾಸ ಯಾರ ತಲೆಗೂ ಹೋಗಲಿಲ್ಲ. ನನ್ನ ತಲೆಗಂತೂ ಇಲ್ಲ.

ಆದರೆ ನನ್ನ ದೊಡ್ಡ ತಪ್ಪು ಬೇರೆ. 88 ಕೊಟ್ಟರೆ 100 ಬರುತ್ತದೆ, 12 ಉಳಿಯುತ್ತದೆ ಅಂತ ಸುಮ್ನೆ ಲೆಕ್ಕ ಹಾಕಿದೆ. ಮೊದಲನೆಯದು, 88 ಅನ್ನುವುದು ಮಾರುವವನು ಕೇಳಿದ ಬೆಲೆ. ಕೊಳ್ಳುವವನು ಕೊಡುತ್ತಿದ್ದದ್ದು 84. ಕರಿಮೆಣಸು ನಾವು ಕೊಡುವಾಗ ಒಂದು ರೇಟು, ಅಂಗಡಿಯಲ್ಲಿ ಕೊಳ್ಳುವಾಗ ಇನ್ನೊಂದು ರೇಟು ಇರಲ್ವಾ, ಹಾಗೆ. ಮಾರ್ಕೆಟ್ಟಿನ ಅಂದಾಜು ಅಂತ ಒಂದು ಸಂಖ್ಯೆ ಬೇಕಿದ್ದರೆ ಎರಡರ ನಡುವೆ, ಸುಮಾರು 86 ಪರ್ಸೆಂಟ್.

ಎರಡನೆಯದು, 'ಟ್ರೇಡಿಂಗ್ ಫೀಸ್ ಇಲ್ಲ' ಅಂತ ಬರೆದಿತ್ತು, ನಂಬಿದೆ. ರೂಪಾಯಿಯನ್ನು ಕ್ರಿಪ್ಟೋ ಡಾಲರ್ ಮಾಡುವಾಗ ನನಗೆ ಸುಮಾರು 2 ಪರ್ಸೆಂಟ್ ಹೋಯಿತು. ವಾಪಸ್ ತರುವಾಗಲೂ ಅಷ್ಟೇ ಹೋಗುತ್ತದೆ. ಅಂದರೆ ನೂರು ಷೇರಿಗೆ ಬಿದ್ದದ್ದು 89.80 ಡಾಲರ್, ಗೆದ್ದರೆ ಕೈಗೆ ಬರುವುದು 98. ಲಾಭ 8.20. ನಷ್ಟವಾಗದಿರಲು ಷೇರು ಗೆಲ್ಲುವ ಸಾಧ್ಯತೆ 92ರ ಹತ್ತಿರ ಇರಬೇಕು. ಆ ಲಾಭಕ್ಕೆ ಕ್ರಿಪ್ಟೋ ತೆರಿಗೆ 30 ಪರ್ಸೆಂಟ್ ಕಟ್ಟಿದರೆ 94. ಮಾರ್ಕೆಟ್ 86 ಅಂತಿದೆ, ನನಗೆ 94 ಬೇಕು. ಆ 8ರಷ್ಟು ಜಾಸ್ತಿ ನನಗೇನು ಗೊತ್ತಿತ್ತು? ಏನೂ ಇಲ್ಲ. ಬೆಲೆ ಏರಿಸಿದವರು ನೋಡಿದ ಎಕ್ಸಿಟ್ ಪೋಲನ್ನೇ ನಾನೂ ನೋಡಿದ್ದೆ.

ಜೂನ್ 4ಕ್ಕೆ ಬಿಜೆಪಿ 240ಕ್ಕೆ ನಿಂತಿತು. ಎಣಿಕೆಯ ಬೆಳಿಗ್ಗೆ ಮಾರಲು ಹೋದರೆ ಕೊಳ್ಳುವವರೇ ಇರಲಿಲ್ಲ. ಇದರಿಂದ ಮಾರ್ಕೆಟ್ ಸುಳ್ಳು ಹೇಳಿತು ಅಂತಲೂ ಆಗಲ್ಲ. 86 ಅಂದರೆ ನೂರರಲ್ಲಿ ಹದಿನಾಲ್ಕು ಸಲ ಹೀಗೇ ಆಗುತ್ತದೆ. ಕ್ರಿಪ್ಟೋ ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯುವುದಕ್ಕೂ ಬಿಡುವುದಿಲ್ಲ.

ಹಾಗಾಗಿ 'ಫೀಸ್ ಎಷ್ಟು' ಅನ್ನುವ ಪ್ರಶ್ನೆಯೇ ಸಾಲದು. ಒಳಗೆ ಹಾಕಿ ಹೊರಗೆ ತರುವವರೆಗಿನ ಖರ್ಚೆಲ್ಲ ಸೇರಿಸಿ, ಎಷ್ಟು ಪರ್ಸೆಂಟ್ ಸಾಧ್ಯತೆ ಬೇಕು ಅಂತ ಕೇಳಿ.

ಕಾನೂನಿಗೆ ಬಂದರೆ, ಅಮೆರಿಕದಲ್ಲೇ ಇದು ಹಣಕಾಸು ಒಪ್ಪಂದವೋ ಜೂಜೋ ಅಂತ ಕೇಂದ್ರಕ್ಕೂ ರಾಜ್ಯಗಳಿಗೂ ಜಗಳವಿದೆ. ನಮ್ಮಲ್ಲಿ 2025ರ ಆಗಸ್ಟ್‌ನ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಡೆಸುವುದನ್ನೇ ನಿಷೇಧಿಸಿದೆ, ಕೌಶಲವೋ ಅದೃಷ್ಟವೋ ಅನ್ನುವ ಭೇದವಿಲ್ಲ. ಶಿಕ್ಷೆ ನಡೆಸುವವರಿಗೆ, ಆಡುವವರಿಗಲ್ಲ. ಆದರೆ ಬ್ಯಾಂಕುಗಳು ಆ ಹಣ ಸಾಗಿಸುವಂತಿಲ್ಲ. ಹೊರದೇಶದ ಸೈಟಿನಲ್ಲಿ ಗೆದ್ದ ದುಡ್ಡು ಸಿಕ್ಕಿಕೊಂಡರೆ ಮಡಿಕೇರಿಯಲ್ಲಿ ಯಾರ ಹತ್ತಿರ ದೂರು ಕೊಡುತ್ತೀರಿ? ಬೆಲೆ ನೋಡಿ, ಅದು ಒಳ್ಳೆಯ ಸುದ್ದಿಮೂಲ. ದುಡ್ಡು ಹಾಕಬೇಡಿ.