ಸ್ಪ್ಯಾನಿಷ್‌ಗೆ ಜೋಕ್ ತರುವಾಗ ಮೊದಲು ಕೇಳಬೇಕಾದ್ದು: ಯಾರ ಕಿವಿಗೆ?

ಪ್ರಶ್ನೆ: ಇಂಗ್ಲಿಷಿನ ಮಕ್ಕಳ ಚಿತ್ರಕಥೆ ಪುಸ್ತಕವೊಂದನ್ನು ಸ್ಪ್ಯಾನಿಷ್‌ಗೆ ಅನುವಾದ ಮಾಡ್ತಿದ್ದೇನೆ. ತುಂಬಾ ಪದದ ಆಟಗಳಿವೆ. ಇದ್ದದ್ದು ಇದ್ದ ಹಾಗೆ ಹಾಕಲಾ, ಬೇರೆ ಜೋಕ್ ಹಾಕಲಾ, ಇಲ್ಲ ಕೆಳಗೆ ಟಿಪ್ಪಣಿ ಕೊಡಲಾ? ಯಾವುದು ಸರಿ?

ಉತ್ತರ:

ನಾನೂ ಇದೇ ಜಾಗದಲ್ಲಿ ಕೂತಿದ್ದೆ, ಇಂಥದ್ದೇ ಚಿತ್ರಕಥೆ ಇಟ್ಟುಕೊಂಡು. ಒಂದು ದರ್ಜಿ ಇಲಿ, ಒಂದು ಅಡುಗೆಭಟ್ಟ ಕಪ್ಪೆ. ಇಬ್ಬರಿಗೂ ಒಂದೇ ಮನೆ, ಒಂದೇ ಕೋಣೆ, ಹಾಗಾಗಿ ಪ್ರತಿ ಚಿತ್ರದಲ್ಲೂ ಒಲೆ ಮೇಲೆ ಪಾತ್ರೆ ಇದ್ದೇ ಇರುತ್ತದೆ. ಇಲಿ ತನ್ನ ಹೊಲಿಗೆ ಬಗ್ಗೆ ಕೊಚ್ಚಿಕೊಳ್ಳುತ್ತದೆ. ಕಪ್ಪೆಗೆ ಬೇಜಾರಾಗಿ 'ಸೋ ವಾಟ್?' ಅನ್ನುತ್ತದೆ, ಅಂದರೆ 'ಅದಕ್ಕೇನೀಗ?'. ಇಲಿಗೆ ಕೇಳಿಸುವುದು 'ಏನು ಹೊಲೀಲಿ?' ಅಂತ, ಯಾಕಂದ್ರೆ ಇಂಗ್ಲಿಷಿನಲ್ಲಿ ಹೊಲಿಯುವುದಕ್ಕೂ 'ಸೋ' ಅಂತಲೇ ಅನ್ನುತ್ತಾರೆ. ಅದು ಖುಷಿಯಿಂದ 'ಒಂದು ಗುಂಡಿ!' ಅನ್ನುತ್ತದೆ. ಇದೇ ಜೋಕ್ ಕಥೆಯ ನಡುವೆ ಒಮ್ಮೆ, ಕೊನೆಗೆ ಒಮ್ಮೆ ಮತ್ತೆ ಬರುತ್ತದೆ.

ಇದ್ದ ಹಾಗೆ ತಂದರೆ ಏನೂ ಉಳಿಯುವುದಿಲ್ಲ. ಸ್ಪ್ಯಾನಿಷ್‌ನಲ್ಲಿ 'ಅದಕ್ಕೇನೀಗ' ಅನ್ನುವ ಮಾತಿಗೂ ಹೊಲಿಗೆಗೂ ಯಾವ ನಂಟೂ ಇಲ್ಲ. ಹಾಗಾಗಿ ಬೇರೆ ಜೋಕ್ ಹುಡುಕಿದೆ, ಸಿಕ್ಕಿತು ಕೂಡ. ಹೊಲಿಯುವುದಕ್ಕೆ ಅವರು 'ಕೊಸೇರ್' ಅನ್ನುತ್ತಾರೆ. ಬೇಯಿಸುವುದಕ್ಕೂ 'ಕೊಸೇರ್'. ಬರೆಯುವಾಗ ಒಂದರಲ್ಲಿ s, ಇನ್ನೊಂದರಲ್ಲಿ c, ಕೇಳುವುದಕ್ಕೆ ಮಾತ್ರ ಒಂದೇ. ಇಲಿ 'ನಾನು ಹೊಲೀತೀನಿ' ಅಂತ ಅಂಗಿ ಎತ್ತಿಕೊಂಡರೆ, ಕಪ್ಪೆ ಅದನ್ನು ಬೇಯಿಸುವುದು ಅಂದುಕೊಂಡು 'ನೀರು ಕುದೀತಿದೆ, ಹಾಕು ಮತ್ತೆ!' ಅಂತ ಪಾತ್ರೆ ತೋರಿಸುತ್ತದೆ. ಚಿತ್ರದಲ್ಲಿ ಒಲೆ ಹೇಗೂ ಇತ್ತು. ಮೂಲಕ್ಕಿಂತ ಇದೇ ಚೆನ್ನಾಗಿದೆ ಅಂತಲೂ ಅನ್ನಿಸಿತು.

ತಪ್ಪಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಭಾರತದಲ್ಲಿ ಸ್ಪ್ಯಾನಿಷ್ ಕಲಿತ ಯಾರು ಬೇಕಾದರೂ ಇದರಲ್ಲಿ ಬೀಳಬಹುದು. ನನಗೆ ಭಾಷೆ ಕಲಿಸಿದವರು ಮೆಕ್ಸಿಕೋದವರು. ಲ್ಯಾಟಿನ್ ಅಮೆರಿಕ ಪೂರ್ತಿ, ಕೆನರಿ ದ್ವೀಪಗಳಲ್ಲಿ, ಸ್ಪೇನ್‌ನ ದಕ್ಷಿಣದ ಆಂದಲೂಸಿಯಾದ ಎಷ್ಟೋ ಕಡೆ s, z, ಮತ್ತೆ e ಅಥವಾ i ಮುಂದೆ ಬರುವ c, ಈ ಮೂರನ್ನೂ 'ಸ' ಅಂತಲೇ ಉಚ್ಚರಿಸುತ್ತಾರೆ. ಇದಕ್ಕೆ 'ಸೆಸೇಯೊ' ಅಂತ ಹೆಸರು. ಆದರೆ ಮ್ಯಾಡ್ರಿಡ್ ಸೇರಿ ಸ್ಪೇನ್‌ನ ಮಧ್ಯ ಮತ್ತು ಉತ್ತರ ಭಾಗದಲ್ಲಿ ಹಾಗಲ್ಲ. ಅಲ್ಲಿ z ಮತ್ತು ಆ c ಬಂದಾಗ ನಾಲಿಗೆಯ ತುದಿ ಹಲ್ಲುಗಳ ನಡುವೆ ಬರುತ್ತದೆ, ಇಂಗ್ಲಿಷರು 'ಥಿಂಕ್' ಅನ್ನುವಾಗ ಮೊದಲಿಗೆ ಬರುವ ಸದ್ದಿನ ಹಾಗೆ. ಅದು ನಮ್ಮ 'ಥ' ಅಲ್ಲ, ಗಾಳಿ ಸೋರುವ ಸದ್ದು. ಅವರಿಗೆ ಹೊಲಿಯುವುದು 'ಕೊಸೇರ್', ಬೇಯಿಸುವುದು 'ಕೊಥೇರ್'. ಹತ್ತಿರದ ಸದ್ದುಗಳೇ, ಆದರೆ ನಮಗೆ 'ಬಳೆ', 'ಬಲೆ' ಬೇರೆ ಬೇರೆಯಾಗಿ ಕೇಳುವಷ್ಟೇ ಸ್ಪಷ್ಟವಾಗಿ ಅವರಿಗೆ ಇವೆರಡೂ ಬೇರೆ. ಆ ಕಪ್ಪೆಗೆ ತಪ್ಪು ಕೇಳಿಸಲು ಕಾರಣವೇ ಇಲ್ಲ.

ನನಗೆ ಬಂದ ಕೆಲಸದ ಚೀಟಿಯಲ್ಲಿ 'ಸ್ಪ್ಯಾನಿಷ್' ಅಂತಷ್ಟೇ ಇತ್ತು. ಯಾವ ದೇಶಕ್ಕೆ ಅಂತ ನಾನು ಕೇಳಲಿಲ್ಲ. ಕಥೆಯ ಜೊತೆ ಓದಿ ಕೇಳಿಸುವ ಧ್ವನಿಯೂ ಬರುತ್ತದೆ, ಅದನ್ನು ಮ್ಯಾಡ್ರಿಡ್‌ನವರು ಓದುತ್ತಾರೆ ಅಂತ ಗೊತ್ತಾಗಿದ್ದು ರೆಕಾರ್ಡಿಂಗ್ ನಡೆಯುತ್ತಿರುವಾಗ. ಓದುವವರು ಆ ಸಾಲಿಗೆ ಬಂದು ನಿಂತು, ಕಪ್ಪೆ ಯಾಕೆ ಹೀಗೆ ಅಂತು ಅಂತ ಕೇಳಿದರಂತೆ.

ಅಷ್ಟೇ ಆಗಿದ್ದರೆ ಒಂದು ಸಾಲು ಬದಲಾಯಿಸಿ ಮುಗಿಸಬಹುದಿತ್ತು. ನಾನು ಆಟ ಕಟ್ಟಿದ್ದು ಕ್ರಿಯಾಪದದ ಮೇಲೆ. ಕಥೆಯ ಕೊನೆಯಲ್ಲಿ ಇಲಿ 'ನಾನು ಹೊಲಿಯುತ್ತೇನೆ' ಅನ್ನಬೇಕು, ಅದು 'ಕೋಸೊ'. ಬೇಯಿಸುತ್ತೇನೆ ಅನ್ನುವುದು 'ಕ್ವೇಸೊ', ನಡುವಿನ ಸ್ವರವೇ ಬೇರೆ. 'ಹೊಲಿಯುತ್ತೇವೆ', 'ಹೊಲಿಯುತ್ತಿದ್ದೆ' ಅಂಥ ರೂಪಗಳಲ್ಲಿ ಎರಡೂ ಕೂಡುತ್ತವೆ, 'ನಾನು', 'ನೀನು', 'ಅವನು' ಬಂದ ಕೂಡಲೇ ವರ್ತಮಾನದಲ್ಲಿ ಒಡೆದುಹೋಗುತ್ತವೆ. ಅಂದರೆ ಮೆಕ್ಸಿಕೋದಲ್ಲೂ ಕೊನೆಯ ಜೋಕ್ ನಿಲ್ಲುತ್ತಿರಲಿಲ್ಲ! ಮೊದಲ ಸಲ ಬಂದ ರೂಪ ಮಾತ್ರ ನೋಡಿ ಖುಷಿಪಟ್ಟಿದ್ದೆ, ಮುಂದಿನ ಸಾಲುಗಳಲ್ಲಿ ಆ ಪದ ಯಾವ ರೂಪದಲ್ಲಿ ಬರುತ್ತದೆ ಅಂತ ನೋಡಿರಲಿಲ್ಲ. ರೆಕಾರ್ಡಿಂಗ್ ಮತ್ತೆ ಮಾಡಿಸಬೇಕಾಯಿತು, ಅದರ ಖರ್ಚನ್ನು ನನ್ನ ದುಡ್ಡಿನಲ್ಲಿ ಹಿಡಿದರು. ಆ ಸರಣಿಯ ಮುಂದಿನ ಕಥೆಗಳು ನನಗೆ ಬರಲಿಲ್ಲ.

ಮತ್ತೆ ಕೂತಾಗ ಹುಡುಕುವ ದಾರಿ ಬದಲಾಯಿಸಿದೆ. 'ಸೋ' ಪದಕ್ಕೆ ಜೋಡಿ ಹುಡುಕುವುದನ್ನು ಬಿಟ್ಟು, ಆ ಜಾಗದಲ್ಲಿ ಕಥೆಗೆ ಏನು ಬೇಕು ಅಂತ ಬರೆದುಕೊಂಡೆ. ಕಪ್ಪೆ ಮಾತಿನ ಬಗ್ಗೆ ಯೋಚಿಸುತ್ತಿದೆ, ಇಲಿ ಹೊಲಿಗೆ ಬಿಟ್ಟು ಬೇರೇನೂ ಯೋಚಿಸುವುದಿಲ್ಲ. ಇಷ್ಟೇ. ಆಮೇಲೆ ಹೊಲಿಗೆ ಪೆಟ್ಟಿಗೆಯ ಒಂದೊಂದೇ ಸಾಮಾನು ಬರೆದೆ: ಸೂಜಿ, ಗುಂಡಿ, ಕತ್ತರಿ, ನೂಲು. ಪ್ರತಿಯೊಂದಕ್ಕೂ ಸ್ಪ್ಯಾನಿಷ್‌ನಲ್ಲಿ ಯಾವ ನುಡಿಗಟ್ಟಿದೆ ಅಂತ ನೋಡುತ್ತಾ ಹೋದೆ. ನೂಲಿಗೆ 'ಈಲೊ' (ಬರೆಯುವುದು hilo, h ಉಚ್ಚಾರ ಇಲ್ಲ). ಮಾತಾಡುತ್ತಾ ಎಲ್ಲಿದ್ದೆ ಅಂತ ಮರೆತುಹೋದರೆ ಅವರು 'ಪೆರ್ದೀ ಎಲ್ ಈಲೊ' ಅನ್ನುತ್ತಾರೆ, ನೂಲು ಕಳಕೊಂಡೆ ಅಂತ. ನಾವು ಮಾತಿನ ಎಳೆ ತಪ್ಪಿತು ಅನ್ನುವುದಿಲ್ವಾ, ಹಾಗೇ.

ಈಗ ಇಲಿ ರಾಜನ ಕೋಟಿನ ಬಗ್ಗೆ ಕೊಚ್ಚಿಕೊಳ್ಳುತ್ತಾ ಥಟ್ಟನೆ ನಿಲ್ಲಿಸಿ 'ಅಯ್ಯೋ, ಪೆರ್ದೀ ಎಲ್ ಈಲೊ' ಅನ್ನುತ್ತದೆ. ಕಪ್ಪೆ ಬೇಜಾರಿನಿಂದಲೇ 'ರಾಜನ ಕೋಟಿನ ವಿಷಯ ಹೇಳ್ತಿದ್ದೆ' ಅಂತ ನೆನಪಿಸುತ್ತದೆ. ಇಲಿ ಮೇಜಿನ ಕೆಳಗೆ ತಡಕಾಡುತ್ತಾ 'ಅದಲ್ಲ, ಕೆಂಪಿಂದು!' ಅನ್ನುತ್ತದೆ. ಕಪ್ಪೆಯ ಬೇಜಾರು ಉಳಿಯಿತು, ಇಲಿಯ ಹುಚ್ಚು ಉಳಿಯಿತು. ಈ ಪದದಲ್ಲಿ s, z, c ಯಾವುದೂ ಇಲ್ಲದ್ದರಿಂದ ಮ್ಯಾಡ್ರಿಡ್‌ಗೂ ಸರಿ, ಬೊಗೊಟಾಕ್ಕೂ ಸರಿ. ಆಟ ನಾಮಪದದ ಮೇಲಿರುವುದರಿಂದ ಯಾರು ಕಳಕೊಂಡರು, ಯಾವಾಗ ಕಳಕೊಂಡರು ಅನ್ನುವುದು ಬದಲಾದರೂ 'ಈಲೊ' ಅಲುಗುವುದಿಲ್ಲ. ಸ್ಪೇನ್‌ನವರು ಈಗಷ್ಟೇ ಆದದ್ದಕ್ಕೆ 'ಎ ಪೆರ್ದೀದೊ ಎಲ್ ಈಲೊ' ಅನ್ನುವುದು ಜಾಸ್ತಿ, ಅವರ ಪ್ರತಿಗೆ ಹಾಗೆ ಬದಲಾಯಿಸಿದೆವು. ಮೂರು ಜಾಗದಲ್ಲೂ ನಿಂತಿತು.

ಹಾಗಾಗಿ ನಿಮ್ಮ ಪ್ರಶ್ನೆ ಕೇಳಿದ ರೀತಿಯೇ ನನಗೆ ಒಪ್ಪಿಗೆ ಇಲ್ಲ. ಮೂರರಲ್ಲಿ ಒಂದನ್ನು ಮೊದಲೇ ಆರಿಸಿಕೊಂಡು ಇಡೀ ಪುಸ್ತಕಕ್ಕೆ ಹಾಕುವ ವಿಷಯ ಅಲ್ಲ ಇದು. ಒಂದೊಂದು ಜೋಕ್‌ಗೂ ಮೊದಲು ಇದ್ದ ಹಾಗೇ ತಂದು ನೋಡಿ, ಎಷ್ಟೋ ಸಲ ಸುಮ್ನೆ ಕೂತುಬಿಡುತ್ತದೆ. 'ಗಣಿತದ ಪುಸ್ತಕ ಯಾಕೆ ಅಳ್ತಿದೆ? ಅದಕ್ಕೆ ತುಂಬಾ ಸಮಸ್ಯೆಗಳಿವೆ' ಅನ್ನುವುದು ಇಂಗ್ಲಿಷಿನಲ್ಲೂ ನಡೆಯುತ್ತದೆ, ಸ್ಪ್ಯಾನಿಷ್‌ನಲ್ಲೂ ನಡೆಯುತ್ತದೆ, ಕನ್ನಡದಲ್ಲೂ ನಡೆಯುತ್ತದೆ. ಅಂಥದ್ದನ್ನು ಬದಲಾಯಿಸಿ ಜಾಣತನ ತೋರಿಸಬೇಡಿ. ಕೂರದಿದ್ದರೆ ಮಾತ್ರ ಬೇರೆ ಜೋಕ್.

ಬೇರೆ ಜೋಕ್‌ಗೆ ಚಿತ್ರ ಒಪ್ಪಬೇಕು. ಇಂಗ್ಲಿಷ್ ಚಿತ್ರಕಥೆಗಳಲ್ಲಿ ಬೇಸ್‌ಬಾಲ್ ಬ್ಯಾಟ್ ಹಿಡಿದ ಬಾವಲಿ ಬರುವುದುಂಟು, ಎರಡಕ್ಕೂ ಒಂದೇ ಹೆಸರು ಅಂತ. ಸ್ಪ್ಯಾನಿಷ್‌ನಲ್ಲಿ ಬಾವಲಿ 'ಮುರ್ಸಿಯೇಲಗೊ', ಬ್ಯಾಟ್ 'ಬಾತೆ'. ಚಿತ್ರ ಬದಲಾಯಿಸುವ ಹಾಗಿಲ್ಲ ಅಂತಿಟ್ಟುಕೊಳ್ಳಿ. ಆಗಲೂ ದಾರಿ ಇದೆ: 'ಬಾತೆ' ಅಂದರೆ ಬ್ಯಾಟ್ ಮಾತ್ರ ಅಲ್ಲ, 'ಬತೀರ್' ಕ್ರಿಯಾಪದದ ಒಂದು ರೂಪ ಕೂಡ. ಹಕ್ಕಿ ರೆಕ್ಕೆ ಬಡಿಯುವುದಕ್ಕೂ ದಾಖಲೆ ಮುರಿಯುವುದಕ್ಕೂ ಇದೇ ಕ್ರಿಯಾಪದ. 'ಈ ಬಾವಲಿ ಎಲ್ಲಾ ದಾಖಲೆ ಬಾತೆ' ಅಂದರೆ ಕೈಯಲ್ಲಿರುವ ಬ್ಯಾಟೂ ಬಂತು, ಬೆನ್ನಿನ ಮೇಲಿನ ರೆಕ್ಕೆಯೂ ಬಂತು. ಮೂಲದ ಆಟ ಬಾವಲಿಯ ಹೆಸರಿನಲ್ಲಿತ್ತು, ಹೊಸದು ಬ್ಯಾಟಿನ ಹೆಸರಿನಲ್ಲಿದೆ. ಹೀಗೆ ಚಿತ್ರದಲ್ಲಿರುವ ಇನ್ನೊಂದು ವಸ್ತುವಿಗೆ ಆಟವನ್ನು ದಾಟಿಸುವುದು ನನಗೆ ತುಂಬಾ ಸಲ ಕೈಹಿಡಿದಿದೆ. ಇದೂ ಕ್ರಿಯಾಪದವೇ, ಹಾಗಾಗಿ ಒಂದೇ ಸಲ ಬರುವ ಜೋಕ್‌ಗೆ ಮಾತ್ರ ಬಳಸಿ. 'ನಾನು' ಬಂದರೆ 'ಬಾತೊ' ಆಗಿ ಆಟ ಮುಗಿಯುತ್ತದೆ.

ಟಿಪ್ಪಣಿ ಮಕ್ಕಳ ಪುಸ್ತಕಕ್ಕೆ ಬೇಡವೇ ಬೇಡ. ಓದಿ ಹೇಳುತ್ತಿರುವ ಅಮ್ಮ ಕಥೆ ನಿಲ್ಲಿಸಿ ಕೆಳಗಿನ ಸಣ್ಣ ಅಕ್ಷರ ಓದುವುದಿಲ್ಲ, ಓದಿದರೂ ಮಗು ನಗುವುದಿಲ್ಲ. ಹಳೆಯ ಕೃತಿಯನ್ನು ಅಭ್ಯಾಸಕ್ಕಾಗಿ ತರುತ್ತಿದ್ದರೆ, ಅಲ್ಲಿ ಲೇಖಕ ಯಾವ ಪದ ಬಳಸಿದ ಅನ್ನುವುದೇ ಓದುಗರಿಗೆ ಬೇಕಾದ್ದು, ಆಗ ಟಿಪ್ಪಣಿ ಕೊಡಿ, ಜೋಕ್ ಬದಲಾಯಿಸಲೇಬೇಡಿ. ನಿಮ್ಮದು ಅದಲ್ಲ.

ಕೆಲಸ ಶುರು ಮಾಡುವ ಮುಂಚೆ ಪ್ರಕಾಶಕರಿಗೆ ಬರೆದು ಕೇಳಿ: ಯಾವ ದೇಶದ ಓದುಗರು, ಧ್ವನಿ ಇದೆಯಾ, ಇದ್ದರೆ ಓದುವವರು ಎಲ್ಲಿಯವರು, ಚಿತ್ರ ತಿದ್ದಬಹುದಾ. ಹೊಸ ಜೋಕ್ ಹಾಕಿದ ಮೇಲೆ ಆ ಪದ ಎಲ್ಲೆಲ್ಲಿ ಯಾವ ರೂಪದಲ್ಲಿ ಬರುತ್ತದೆ ಅಂತ ಪೂರ್ತಿ ಕಥೆಯಲ್ಲಿ ಹುಡುಕಿ. ದೇಶಕ್ಕೊಂದು ಅರ್ಥ ಇರುವ ಪದಗಳಿಗೆ ಸ್ಪೇನ್‌ನ ರಾಯಲ್ ಅಕಾಡೆಮಿಯ ನಿಘಂಟು dle.rae.es ನಲ್ಲಿ ದೇಶದ ಗುರುತು ಹಾಕಿರುತ್ತಾರೆ, ಅದನ್ನು ಬಿಡದೆ ನೋಡಿ. 'ಕೊಹೇರ್' ಅಂದರೆ ಸ್ಪೇನ್‌ನಲ್ಲಿ 'ತಗೊಳ್ಳುವುದು', ಮೆಕ್ಸಿಕೋ ಮತ್ತು ಅರ್ಜೆಂಟೀನಾದಲ್ಲಿ ಮಕ್ಕಳೆದುರು ಆಡುವ ಮಾತೇ ಅಲ್ಲ. ಕೊನೆಗೆ ಸ್ಪೇನ್‌ನ ಒಬ್ಬರಿಗೆ, ಲ್ಯಾಟಿನ್ ಅಮೆರಿಕದ ಒಬ್ಬರಿಗೆ ಆ ಪುಟವನ್ನು ಓದಿ ಕೇಳಿಸಿ. ಹಾಳೆ ಕೈಗೆ ಕೊಡಬೇಡಿ, ಕಣ್ಣಿಗೆ ಸ್ಪೆಲಿಂಗ್ ಬಿದ್ದರೆ ಪರೀಕ್ಷೆ ಕೆಡುತ್ತದೆ. ಅವರು 'ಕೋಮೊ?', ಅಂದರೆ 'ಏನಂದ್ರಿ?', ಅಂತ ಕೇಳಿ, ನೀವು ಬಿಡಿಸಿ ಹೇಳಿದ ಮೇಲೆ ನಕ್ಕರೆ ಆ ಜೋಕ್ ತೆಗೆದುಹಾಕಿ.

ನಿಮ್ಮನ್ನು ಯಾವ ಸಾಲು ಜಾಸ್ತಿ ಕಾಡ್ತಿದೆ? ಆ ಪುಟದ ಚಿತ್ರದಲ್ಲಿ ಏನೇನಿದೆ ಅನ್ನುವುದನ್ನೂ ಸೇರಿಸಿ ಕೆಳಗೆ ಬರೆಯಿರಿ, ನೋಡೋಣ.